ಮೀನಿಲ್ಲದ ದಿನದ ಹೆಸರುಕಾಳು: ಪ್ರೋಟೀನ್ ಅಂಕ ಲೆಕ್ಕ ಹಾಕುವುದು ಹೇಗೆ, ಕಳೆಯದಂತೆ ಬೇಯಿಸುವುದು ಹೇಗೆ

ಶ್ರಾವಣ ಬಂತೆಂದರೆ ಕಾರವಾರ, ಅಂಕೋಲೆ ಕಡೆಯ ಎಷ್ಟೋ ಮನೆಗಳಲ್ಲಿ ಮೀನು ನಿಲ್ಲುತ್ತದೆ. ಗಂಜಿಯ ಪಕ್ಕಕ್ಕೆ ಹೆಸರುಕಾಳು ಗಸಿಯೋ ಅಲಸಂದೆ ಪಲ್ಯವೋ ಬರುತ್ತದೆ. ಆಗ ಹುಟ್ಟುವ ಪ್ರಶ್ನೆ ಒಂದೇ: ಮೀನು, ಮೊಟ್ಟೆಯಿಂದ ಸಿಗುತ್ತಿದ್ದ ಪ್ರೋಟೀನನ್ನು ಕಾಳು ತುಂಬಿಕೊಡುತ್ತದೆಯೇ?

ಪ್ಯಾಕೆಟ್ ನೋಡಿದರೆ ಧಾರಾಳವಾಗಿ ಕೊಡಬೇಕು. 100 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಇದೆ. ಅಷ್ಟೇ ತೂಕದ ಮೊಟ್ಟೆಯಲ್ಲಿ 12.5 ಗ್ರಾಂ, ಹಸುವಿನ ಹಾಲಿನಲ್ಲಿ ಮೂರು ಗ್ರಾಂ ಚಿಲ್ಲರೆ. ಆದರೆ ಆ 24 ಒಣಕಾಳಿನ ಲೆಕ್ಕ. ಬೆಂದು ನೀರು ಕುಡಿದ ಕಾಳನ್ನು ತೂಗಿದರೆ 100 ಗ್ರಾಮಿಗೆ 7 ಗ್ರಾಂ ಪ್ರೋಟೀನ್ ಮಾತ್ರ. ಒಣಕಾಳನ್ನು ಹಸಿ ಮೊಟ್ಟೆಯ ಜೊತೆ ತೂಗುವುದು ಒಣ ಸಿಗಡಿಯನ್ನು ಹಸಿ ಬಂಗಡೆಯ ಜೊತೆ ತೂಗಿದ ಹಾಗೆ. ಇದನ್ನು ಸರಿಪಡಿಸಿಕೊಂಡ ಮೇಲೂ ಇನ್ನೊಂದು ಕೊರತೆ ಉಳಿಯುತ್ತದೆ. ಪ್ರೋಟೀನ್ ಗುಣಮಟ್ಟದ ಅಂಕದಲ್ಲಿ ಮೊಟ್ಟೆ, ಹಾಲು ಪೂರ್ತಿ 1 ಪಡೆದರೆ ಹೆಸರುಕಾಳು 0.7ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಅಂಕವನ್ನು ಪೆನ್ಸಿಲ್ ಹಿಡಿದು ಮನೆಯಲ್ಲೇ ಲೆಕ್ಕ ಹಾಕಬಹುದು. ಹಾಕಿದರೆ ಎಲ್ಲಿ ಸೋರುತ್ತಿದೆ ಎಂಬುದೂ ಕಾಣುತ್ತದೆ.

ಮೊದಲ ಹೆಜ್ಜೆ: ಕಡಿಮೆ ಬಿದ್ದದ್ದನ್ನು ಹುಡುಕಿ

ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾಗದ ಅಮೈನೋ ಆಮ್ಲಗಳು 9. ಅವೆಲ್ಲ ಊಟದಿಂದಲೇ ಬರಬೇಕು, ಸರಿಯಾದ ಪ್ರಮಾಣದಲ್ಲೂ ಬರಬೇಕು. ಬಡಗಿಯ ಬಳಿ 40 ಕಾಲು, 7 ಹಲಗೆ ಇದ್ದರೆ ಆಗುವುದು 7 ಸ್ಟೂಲು ಮಾತ್ರ. ಮಿಕ್ಕ ಕಾಲುಗಳು ಒಲೆಗೆ. ದೇಹವೂ ಹೀಗೆಯೇ, ಮಿಕ್ಕ ಅಮೈನೋ ಆಮ್ಲಗಳನ್ನು ಉರುವಲಾಗಿ ಸುಟ್ಟುಬಿಡುತ್ತದೆ.

ಒಂಬತ್ತನ್ನೂ ಲೆಕ್ಕ ಹಾಕುವ ಕೆಲಸವಿಲ್ಲ. ಅಕ್ಕಿ ಮತ್ತು ಕಾಳಿನ ಊಟದಲ್ಲಿ ಕೈಕೊಡುವುದು ಎರಡೇ: ಒಂದು ಲೈಸಿನ್, ಇನ್ನೊಂದು ಗಂಧಕ ಇರುವ ಜೋಡಿ, ಅಂದರೆ ಮೆಥಿಯೋನಿನ್ ಮತ್ತು ಸಿಸ್ಟೀನ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2013ರ ವರದಿಯ ಪ್ರಕಾರ ದೊಡ್ಡವರಿಗೆ ಪ್ರತಿ ಗ್ರಾಂ ಪ್ರೋಟೀನಿನಲ್ಲಿ 48 ಮಿಲಿಗ್ರಾಂ ಲೈಸಿನ್, 23 ಮಿಲಿಗ್ರಾಂ ಗಂಧಕದ ಜೋಡಿ ಇರಬೇಕು.

ಹೆಸರುಕಾಳಿನ ಪ್ರತಿ ಗ್ರಾಂ ಪ್ರೋಟೀನಿನಲ್ಲಿ ಲೈಸಿನ್ ಸುಮಾರು 70, ಗಂಧಕದ ಜೋಡಿ 21 ಮಾತ್ರ. ಅಕ್ಕಿಯದು ಇದಕ್ಕೆ ಉಲ್ಟಾ: ಲೈಸಿನ್ 36, ಗಂಧಕದ ಜೋಡಿ 40. ಮೊಟ್ಟೆಯಲ್ಲಿ ಲೈಸಿನ್ 72, ಜೋಡಿ 52. ಯಾವ ಕಡೆಯಿಂದ ನೋಡಿದರೂ ಮಿಗತೆಯೇ. ಹೆಸರುಕಾಳಿಗೆ 21ನ್ನು 23ರಿಂದ ಭಾಗಿಸಿದರೆ 0.91. ಅಕ್ಕಿಗೆ 36ನ್ನು 48ರಿಂದ ಭಾಗಿಸಿದರೆ 0.75.

ಎರಡನೇ ಹೆಜ್ಜೆ: ಜೀರ್ಣವಾಗುವ ಪಾಲಿನಿಂದ ಗುಣಿಸಿ

ಬಾಯಿಗೆ ಹೋದದ್ದೆಲ್ಲ ರಕ್ತಕ್ಕೆ ಹೋಗುವುದಿಲ್ಲ. ಮೊಟ್ಟೆಯ ಪ್ರೋಟೀನಿನಲ್ಲಿ ಶೇ 97, ಹಾಲಿನಲ್ಲಿ ಶೇ 95, ಮೀನಿನಲ್ಲಿ ಶೇ 94, ಅಕ್ಕಿಯಲ್ಲಿ ಶೇ 88 ಜೀರ್ಣವಾಗುತ್ತದೆ. ಬೀನ್ಸ್ ಜಾತಿಯ ಕಾಳುಗಳಿಗೆ ಬಳಸುವ ರೂಢಿಯ ಅಂಕಿ ಶೇ 78. ಆಗ ಹೆಸರುಕಾಳಿನ ಅಂಕ 0.91 × 0.78, ಅಂದರೆ 0.71. ಅಕ್ಕಿಯದು 0.66. ಮೊಟ್ಟೆಯನ್ನು ಹೀಗೇ ಗುಣಿಸಿದರೆ 1 ದಾಟುತ್ತದೆ. 1991ರಿಂದ ಬಳಕೆಯಲ್ಲಿರುವ ಈ ಪದ್ಧತಿಯಲ್ಲಿ 1ಕ್ಕಿಂತ ಮೇಲಿದ್ದದ್ದನ್ನು ಕತ್ತರಿಸಿ 1 ಎಂದೇ ಬರೆಯುತ್ತಾರೆ.

ಈ ಪದ್ಧತಿಗೆ ಒಂದು ದೋಷವಿದೆ. ಜೀರ್ಣವಾಗದೆ ಉಳಿದದ್ದನ್ನು ಇದು ಮಲದಲ್ಲಿ ಅಳೆಯುತ್ತದೆ. ಸಣ್ಣ ಕರುಳನ್ನು ದಾಟಿ ಹೋದ ಪ್ರೋಟೀನನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ತಿಂದು ಹಾಕುತ್ತವೆ. ಅದು ನಮಗೆ ದಕ್ಕದಿದ್ದರೂ ಲೆಕ್ಕದಲ್ಲಿ ಜೀರ್ಣವಾಯಿತು ಎಂದೇ ಬರುತ್ತದೆ. 2013ರ ವರದಿ ಸೂಚಿಸಿದ ಹೊಸ ಪದ್ಧತಿ ಸಣ್ಣ ಕರುಳಿನ ತುದಿಯಲ್ಲೇ ಅಳೆಯುತ್ತದೆ. ಅಲ್ಲಿ ಕಾಳುಗಳ ಅಂಕ ಸಾಮಾನ್ಯವಾಗಿ ಇನ್ನಷ್ಟು ಇಳಿಯುತ್ತದೆ. ಮನೆಯ ಲೆಕ್ಕಕ್ಕೆ ಹಳೆಯದೇ ಸಾಕು.

ಮೂರನೇ ಹೆಜ್ಜೆ: ತಟ್ಟೆಯನ್ನು ಒಟ್ಟಿಗೆ ಲೆಕ್ಕ ಹಾಕಿ

ಬರೀ ಹೆಸರುಕಾಳನ್ನು ಉಂಡು ಯಾರೂ ಏಳುವುದಿಲ್ಲ. ಒಬ್ಬರ ಊಟಕ್ಕೆ 100 ಗ್ರಾಂ ಕುಚ್ಚಲಕ್ಕಿಯ ಗಂಜಿ, 30 ಗ್ರಾಂ ಒಣಕಾಳಿನ ಗಸಿ ಎಂದಿಟ್ಟುಕೊಳ್ಳಿ. ಅಕ್ಕಿಯಿಂದ 7.5 ಗ್ರಾಂ, ಕಾಳಿನಿಂದ 7.2 ಗ್ರಾಂ, ಒಟ್ಟು 14.7 ಗ್ರಾಂ ಪ್ರೋಟೀನ್.

ಲೈಸಿನ್ ಅಕ್ಕಿಯಿಂದ 270, ಕಾಳಿನಿಂದ 504, ಒಟ್ಟು 774 ಮಿಲಿಗ್ರಾಂ. ಇದನ್ನು 14.7ರಿಂದ ಭಾಗಿಸಿದರೆ ಗ್ರಾಮಿಗೆ 52.7, ಬೇಕಾದದ್ದು 48. ಗಂಧಕದ ಜೋಡಿ 300 ಮತ್ತು 151 ಸೇರಿ 451, ಗ್ರಾಮಿಗೆ 30.7, ಬೇಕಾದದ್ದು 23. ಎರಡೂ ಗೆರೆ ದಾಟಿದವು. ಹೆಚ್ಚು ಬಿಗಿಯಾಗಿರುವುದು ಲೈಸಿನ್, ಅದರ ಅಂಕ 1.1. ಎರಡರ ಜೀರ್ಣಶಕ್ತಿಯ ಸರಾಸರಿ ಶೇ 83. ಗುಣಿಸಿದರೆ 0.91.

0.66 ಮತ್ತು 0.71 ಸೇರಿ 0.91 ಆಯಿತು. ಒಂದರ ಕೊರತೆಯನ್ನು ಇನ್ನೊಂದರ ಮಿಗತೆ ತುಂಬಿದ್ದರಿಂದ ಹೀಗಾಯಿತು. ಈಗ ಉಳಿದ ಕೊರತೆಯೆಲ್ಲ ಜೀರ್ಣದ್ದೇ. ಅದರಲ್ಲಿ ದೊಡ್ಡ ಪಾಲು ಅಡುಗೆ ಮಾಡುವವರ ಕೈಯಲ್ಲಿದೆ.

ನಾಲ್ಕನೇ ಹೆಜ್ಜೆ: ಜೀರ್ಣವಾಗುವ ಹಾಗೆ ಬೇಯಿಸಿ

ಹಾಲಿನ ಮುಖ್ಯ ಪ್ರೋಟೀನಾದ ಕೇಸಿನ್ ಸಡಿಲ ನೂಲಿನಂತಿರುತ್ತದೆ, ಕರುಳಿನ ಕಿಣ್ವಗಳು ಸುಲಭವಾಗಿ ಕತ್ತರಿಸುತ್ತವೆ. ಕಾಳಿನ ಪ್ರೋಟೀನ್ ಮೊಳಕೆಗಾಗಿ ಕೂಡಿಟ್ಟ ಬುತ್ತಿ. ಗಟ್ಟಿ ಉಂಡೆಯಾಗಿ ಸುತ್ತಿಕೊಂಡು, ನಾರಿನ ಕೋಶಗೋಡೆಯೊಳಗೆ ಕೂತಿರುತ್ತದೆ. ಅದರ ಜೊತೆಗೆ ಕಾವಲುಗಾರರೂ ಇದ್ದಾರೆ: ಸಿಪ್ಪೆಯಲ್ಲಿ ಪ್ರೋಟೀನನ್ನು ಹಿಡಿದಿಡುವ ಟ್ಯಾನಿನ್ ಎಂಬ ಒಗರು, ಒಳಗೆ ನಮ್ಮ ಟ್ರಿಪ್ಸಿನ್ ಕಿಣ್ವವನ್ನೇ ತಡೆಯುವ ಪದಾರ್ಥ. ಹೆಸರಿನಲ್ಲಿ ಇವು ಕಡಿಮೆ, ಹುರುಳಿಯಲ್ಲಿ ಜಾಸ್ತಿ.

ಕಾಳಿನ ಮೂರು ಪಟ್ಟು ನೀರಿನಲ್ಲಿ ರಾತ್ರಿಯಿಡೀ, 8ರಿಂದ 10 ಗಂಟೆ ನೆನೆಸಿ. ಲೀಟರಿಗೆ ಒಂದು ಚಮಚ ಉಪ್ಪು ಹಾಕಿ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಎನ್ನುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನೆನೆಸುವ ನೀರಿನ ಮಟ್ಟಿಗೆ ಅದು ತಪ್ಪು. ಕೋಶಗೋಡೆಯನ್ನು ಬಿಗಿದ ಸುಣ್ಣದಂಶದ ಜಾಗವನ್ನು ಉಪ್ಪಿನ ಸೋಡಿಯಂ ಹಿಡಿಯುವುದರಿಂದ ಕಾಳು ಬೇಗ ಮೆತ್ತಗಾಗುತ್ತದೆ. ಬೆಳಿಗ್ಗೆ ಆ ನೀರನ್ನು ಚೆಲ್ಲಿ; ಒಗರಿನ ಒಂದಷ್ಟು ಭಾಗ, ಹೊಟ್ಟೆ ಉಬ್ಬರಿಸುವ ಸಕ್ಕರೆಗಳು ಅದರೊಂದಿಗೆ ಹೋಗುತ್ತವೆ. ಟ್ರಿಪ್ಸಿನ್ ತಡೆ ಮಾತ್ರ ನೆನೆಸಿದರೆ ಹೋಗುವುದಿಲ್ಲ, ನೀರಿನಲ್ಲಿ ಕುದಿದಾಗಲೇ ಹೋಗುವುದು. ಮೊಳಕೆ ಬರಿಸಿದರೂ ಇದೇ ಮಾತು: ಹಸಿ ಮೊಳಕೆಯ ಕೋಸಂಬರಿಗಿಂತ ಬೆಂದ ಮೊಳಕೆಯ ಗಸಿಯ ಪ್ರೋಟೀನ್ ಹೆಚ್ಚು ದಕ್ಕುತ್ತದೆ.

ನೆನೆದ ಕಾಳಿಗೆ ಕುಕ್ಕರಿನಲ್ಲಿ ಎರಡು ಮೂರು ಸೀಟಿ ಸಾಕು. ಬೆರಳಲ್ಲಿ ಹಿಚುಕಿದಾಗ ಬೆಣ್ಣೆಯಂತೆ ಜಾರಬೇಕು. ನಡುವೆ ಬಿಳಿ ಹಿಟ್ಟಿನ ತರಿ ಸಿಕ್ಕರೆ ಇನ್ನೂ ಬೆಂದಿಲ್ಲ.

ನಮ್ಮ ಕಡೆ ಹೆಚ್ಚು ಎಡವುವುದು ಹುಳಿಯಲ್ಲಿ. ಮುರುಗಲ ಸಿಪ್ಪೆ, ಹುಣಸೆ, ಶಿರಸಿ ಕಡೆಯ ವಾಟೆಹುಳಿ ಯಾವುದೇ ಇರಲಿ, ಕಾಳು ಬೇಯುವ ಮೊದಲೇ ಹಾಕಿದರೆ ಕೋಶಗೋಡೆಯನ್ನು ಬೆಸೆದಿರುವ ಪೆಕ್ಟಿನ್ ಎಂಬ ಅಂಟು ಕರಗದೆ ನಿಲ್ಲುತ್ತದೆ. ಗಂಟೆಗಟ್ಟಲೆ ಕುದಿಸಿದರೂ ಕಾಳು ಕಚಕ್ ಎನ್ನುತ್ತಲೇ ಇರುತ್ತದೆ. ಹುಳಿ, ಕಾಯಿಮಸಾಲೆ ಎರಡನ್ನೂ ಕಾಳು ಪೂರ್ತಿ ಬೆಂದ ಮೇಲೆಯೇ ಸೇರಿಸಬೇಕು.

ಎರಡನೆಯ ಕಾಟ ಮಳೆಗಾಲದ್ದು. ಗದ್ದೆ ಕೊಯ್ಲಾದ ಮೇಲೆ ಬೆಳೆದ ಕಾಳನ್ನು ಬೇಸಿಗೆಯಲ್ಲಿ ತುಂಬಿಟ್ಟರೆ ಶ್ರಾವಣದ ಹೊತ್ತಿಗೆ ಅದು ಸೆಕೆ, ಶೀತ ಎರಡನ್ನೂ ಕುಡಿದಿರುತ್ತದೆ. ಆಗ ಕಾಳಿನೊಳಗಿನ ಫೈಟೇಟ್ ಒಡೆದು, ಅದು ಹಿಡಿದಿಟ್ಟಿದ್ದ ಸುಣ್ಣದಂಶ ಬಿಡುಗಡೆಯಾಗಿ ಪೆಕ್ಟಿನ್ನಿಗೆ ಅಂಟುತ್ತದೆ. ಇಂಥ ಕಾಳು ಚೆನ್ನಾಗಿ ನೆನೆದು ಉಬ್ಬುತ್ತದೆ, ಆದರೆ ಬೇಯುವುದಿಲ್ಲ. ಉಬ್ಬದೇ ಹಾಗೆಯೇ ಉಳಿಯುವ ಕಲ್ಲುಕಾಳಿನ ಕತೆ ಬೇರೆ, ಅದನ್ನು ಆರಿಸಿ ತೆಗೆದರಾಯಿತು. ಉಬ್ಬಿಯೂ ಬೇಯದಿದ್ದರೆ ಮೇಲೆ ಹೇಳಿದ ಉಪ್ಪುನೀರು ಮತ್ತು ನಾಲ್ಕೈದು ಹೆಚ್ಚು ಸೀಟಿ ನೆರವಾಗುತ್ತವೆ. ಅಡಿಗೆ ಸೋಡಾ ಬೇಡ. ಕಾಳು ಮೆತ್ತಗಾಗುವುದು ನಿಜ, ಆದರೆ ಕ್ಷಾರದಲ್ಲಿ ಕುದಿದಾಗ ಹಾಳಾಗುವುದು ಸಿಸ್ಟೀನ್ ಮತ್ತು ಲೈಸಿನ್, ಅಂದರೆ ನಾವು ಎಣಿಸುತ್ತಿರುವ ಆ ಎರಡೇ. ಬಿ1 ಜೀವಸತ್ವವೂ ಹೋಗುತ್ತದೆ. ಕಾಳನ್ನು ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಡುವುದೇ ಮೊದಲ ಮದ್ದು.

ಇನ್ನು ಹುರುಳಿ ಕಟ್ಟು. ಕಟ್ಟನ್ನು ನಾವು ಉಂಡು ಬೆಂದ ಹುರುಳಿಯನ್ನು ಕೊಟ್ಟಿಗೆಗೆ ಕೊಟ್ಟರೆ ಪ್ರೋಟೀನಿನ ದೊಡ್ಡ ಪಾಲು ಎಮ್ಮೆಗೆ ಹೋಯಿತು. ರುಚಿಗೆ ಕಟ್ಟು ಮಾಡಿ, ಬೇಡವೆನ್ನುವುದಿಲ್ಲ. ಪ್ರೋಟೀನ್ ಬೇಕಿದ್ದರೆ ಕಾಳನ್ನು ಉಸಲಿ ಮಾಡಿ ತಿನ್ನಿ.

ಚಿಕ್ಕ ಮಕ್ಕಳ ಲೆಕ್ಕ ಬೇರೆ

ಆರು ತಿಂಗಳಿಂದ ಮೂರು ವರ್ಷದ ಮಗುವಿಗೆ ಗ್ರಾಂ ಪ್ರೋಟೀನಿಗೆ 57 ಮಿಲಿಗ್ರಾಂ ಲೈಸಿನ್ ಬೇಕು. ಒಂದೂವರೆ ವರ್ಷದ ಮಗುವಿನ ಮೆತ್ತನೆ ಗಂಜಿಗೆ 30 ಗ್ರಾಂ ಅಕ್ಕಿ, 10 ಗ್ರಾಂ ಹೆಸರು ಹಾಕಿದರೆ ಒಟ್ಟು ಪ್ರೋಟೀನ್ 4.65 ಗ್ರಾಂ, ಲೈಸಿನ್ ಗ್ರಾಮಿಗೆ 53.5. ಜೀರ್ಣವನ್ನೂ ಗುಣಿಸಿದರೆ ಅಂಕ 0.78ಕ್ಕೆ ಇಳಿಯುತ್ತದೆ. ದೊಡ್ಡವರು ಇನ್ನೊಂದು ಸೌಟು ಬಡಿಸಿಕೊಂಡು ಸರಿದೂಗಿಸಿಯಾರು, ಮಗುವಿನ ಹೊಟ್ಟೆಯಲ್ಲಿ ಅಷ್ಟು ಜಾಗವಿಲ್ಲ.

ಅದೇ ಗಂಜಿಗೆ ಅರ್ಧ ಮೊಟ್ಟೆ ಸೇರಿಸಿ. 3.1 ಗ್ರಾಂ ಪ್ರೋಟೀನ್ ಹೆಚ್ಚುತ್ತದೆ, ಲೈಸಿನ್ ಗ್ರಾಮಿಗೆ 61ರ ಹತ್ತಿರ ಬರುತ್ತದೆ, ಅಂಕ 0.95ಕ್ಕೆ ಏರುತ್ತದೆ. ಮೊಟ್ಟೆ ತಿನ್ನದ ಮನೆಯಲ್ಲಿ 100 ಮಿ.ಲೀ. ಹಾಲು ಹೆಚ್ಚುಕಡಿಮೆ ಇದೇ ಕೆಲಸ ಮಾಡುತ್ತದೆ. ಸಿಪ್ಪೆಯ ಒಗರು ತಪ್ಪಿಸಲು ಇಡೀ ಕಾಳಿನ ಬದಲು ಹೆಸರುಬೇಳೆಯನ್ನೇ ಹಾಕಿ.

ಮೊಟ್ಟೆಯನ್ನು ಬಿಸಿ ಗಂಜಿಗೆ ಒಡೆದು ಕಲಸಿ ಹಾಗೇ ತಿನ್ನಿಸಬೇಡಿ. ಸಣ್ಣ ಕರುಳಿನ ತುದಿಯಲ್ಲಿ ಅಳೆದು ನೋಡಿದ ಅಧ್ಯಯನದಲ್ಲಿ ಬೆಂದ ಮೊಟ್ಟೆಯ ಪ್ರೋಟೀನ್ ಶೇ 91ರಷ್ಟು ಜೀರ್ಣವಾದರೆ ಹಸಿ ಮೊಟ್ಟೆಯದು ಶೇ 51ರಷ್ಟೇ ಆಗಿತ್ತು. ಹಸಿ ಮೊಟ್ಟೆಯಿಂದ ಸೋಂಕಿನ ಭಯವೂ ಇದೆ. ಬೇರೆಯಾಗಿ 10 ನಿಮಿಷ ಬೇಯಿಸಿ, ಬಿಳಿ ಹಳದಿ ಎರಡನ್ನೂ ನುಣ್ಣಗೆ ಹಿಚುಕಿ, ಗಂಜಿ ಇಳಿಸಿದ ಮೇಲೆ ಬೆರೆಸಿ.