‘ಇಲ್ಲ’ ಪುಸ್ತಕ ಖಾಲಿ ಬಿದ್ದಾಗ: ಸೀರೆ ಅಂಗಡಿ ಮ್ಯಾನೇಜರನ ಅನುಭವ

ದಾವಣಗೆರೆಯ ಮಂಡಿಪೇಟೆ ಕಡೆಯ ಸೀರೆ ಅಂಗಡಿಗಳಲ್ಲಿ ಮನಸ್ಸು ತೆಗೆದುಬಿಟ್ಟ ಕೆಲಸಗಾರನನ್ನು ಹಾಜರಿ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಅವನು ಹೊತ್ತಿಗೆ ಸರಿಯಾಗಿ ಬರುತ್ತಾನೆ, ಕೇಳಿದ್ದನ್ನು ತೋರಿಸುತ್ತಾನೆ, ಜಗಳವಾಡುವುದಿಲ್ಲ. ಯಾರೂ ಹೇಳದಿದ್ದರೂ ಮೊದಲು ತಾನಾಗಿ ಮಾಡುತ್ತಿದ್ದ ಕೆಲಸ ಮಾತ್ರ ನಿಂತಿರುತ್ತದೆ. ನಾನು ಹುಡುಕುವುದು ಅದನ್ನೇ.

ಅದಕ್ಕೆ ಎರಡು ಗುರುತುಗಳು ಸಾಕು. ಒಂದು, ಬಿಲ್ಲು. ನಮ್ಮಲ್ಲಿ ಪ್ರತಿ ಬಿಲ್ಲಿನಲ್ಲೂ ಸೇಲ್ಸ್‌ಮನ್ ನಂಬರ್ ಇರುತ್ತದೆ. ಸೀರೆ ಕೊಂಡವರಿಗೆ ಫಾಲ್, ಲೈನಿಂಗ್ ಹೇಗೂ ಬೇಕು. ‘ಇದಕ್ಕೆ ಹೊಂದೋ ಫಾಲ್ ಕೊಡ್ಲಾ ಅಕ್ಕಾ?’ ಅಂತ ಕೇಳಿದರೆ ಇಲ್ಲೇ ತಗೋತಾರೆ, ಇಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗ್ತಾರೆ. ಹತ್ತು ಸೀರೆ ಬಿಲ್ಲಿನಲ್ಲಿ ಎಷ್ಟರಲ್ಲಿ ಫಾಲ್ ಇದೆ ಅಂತ ಎಣಿಸುತ್ತೇನೆ. ಒಬ್ಬರನ್ನು ಇನ್ನೊಬ್ಬರಿಗೆ ಹೋಲಿಸುವುದಿಲ್ಲ. ಅವರದೇ ಹೋದ ವರ್ಷದ ಲೆಕ್ಕಕ್ಕೆ ಹೋಲಿಸುತ್ತೇನೆ, ಅದೂ ಆಷಾಢಕ್ಕೆ ಆಷಾಢ, ಮದುವೆ ಸೀಸನ್ನಿಗೆ ಮದುವೆ ಸೀಸನ್. ಆಷಾಢವನ್ನು ಅದಕ್ಕೂ ಮೊದಲಿನ ಮದುವೆ ತಿಂಗಳಿಗೆ ಹೋಲಿಸಿದರೆ ಎಲ್ಲರೂ ಸೋಮಾರಿಗಳಂತೆ ಕಾಣುತ್ತಾರೆ.

ಎರಡನೆಯದು ‘ಇಲ್ಲ’ ಪುಸ್ತಕ. ಗಿರಾಕಿ ಕೇಳಿದ್ದು ಅಂಗಡಿಯಲ್ಲಿ ಇಲ್ಲದಿದ್ದರೆ ಅದನ್ನು ಬರೆದಿಡುವ ನೋಟ್‌ಬುಕ್. ಬರೆಯದಿದ್ದರೆ ಸಂಬಳ ಕಡಿಯುವುದಿಲ್ಲ, ಆದ್ದರಿಂದ ಆಸಕ್ತಿ ಹೋದವರು ಮೊದಲು ನಿಲ್ಲಿಸುವುದು ಇದನ್ನೇ.

ಲೆಕ್ಕ ಇಳಿದ ತಕ್ಷಣ ಮನಸ್ಸಿನ ತಂಟೆಗೆ ಹೋಗಬಾರದು. ಮೊದಲು ಕಾಲು, ಸೊಂಟ ನೋಡಬೇಕು. ದಿನವಿಡೀ ನಿಂತವರು ಸಂಜೆಗೆ ಮೇಲಿನ ರ‍್ಯಾಕಿಗೆ ಕೈ ಹಾಕುವುದಿಲ್ಲ, ‘ಸ್ಟಾಕ್ ಇಲ್ಲ’ ಅಂದುಬಿಡುತ್ತಾರೆ. ಅಂಗಡಿ ಕೆಲಸಗಾರರಿಗೆ ಕೂರಲು ವ್ಯವಸ್ಥೆ ಇರಲೇಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ನಾವು ಪ್ರತಿ ಕೌಂಟರಿಗೆ ಒಂದು ಸ್ಟೂಲ್ ಹಾಕಿದೆವು. ಅದಕ್ಕೇ ಸರಿಹೋದವರನ್ನು ಮತ್ತೆ ಮಾತಾಡಿಸುವ ಅಗತ್ಯವೇ ಬರಲಿಲ್ಲ.

ಸ್ಟೂಲಿನಿಂದ ಸರಿಹೋಗದ ಒಂದು ಪ್ರಕರಣ ಹೇಳುತ್ತೇನೆ. ಇಳಕಲ್ ಸೀರೆ ಕೌಂಟರಿನ ಹಳೇ ಕೈ. ಹತ್ತರಲ್ಲಿ ಆರು ಬಿಲ್ಲಿಗೆ ಫಾಲ್ ಇರುತ್ತಿದ್ದದ್ದು ಎರಡಕ್ಕೆ ಇಳಿದಿತ್ತು, ಪುಸ್ತಕದಲ್ಲಿ ಮೂರು ತಿಂಗಳಿಂದ ಅವರ ಅಕ್ಷರವೇ ಇರಲಿಲ್ಲ. ಗಿರಾಕಿ ಇಲ್ಲದ ಹೊತ್ತು ನೋಡಿ ಹೊರಗೆ ಚಹಾಕ್ಕೆ ಕರೆದೆ. ‘ಯಾಕೆ ಹಿಂಗಾದ್ರಿ’ ಅಂತ ಕೇಳಿದರೆ ‘ಏನಿಲ್ಲಣ್ಣ’ ಅನ್ನುವ ಉತ್ತರವೇ ಬರುವುದು. ಅದಕ್ಕೆ, ‘ನೀವು ಮೊದ್ಲು ಬರ್ದಿದ್ದೆಲ್ಲ ಏನಾಯ್ತು?’ ಅಂದೆ.

‘ದಾಳಿಂಬ್ರಿ ಬಣ್ಣದ್ದು, ಟೋಪ್ ತೆನಿ ಸೆರಗಿಂದು ಬೇಕು ಅಂತ ಆರು ಸಲ ಬರ್ದೆ ಅಣ್ಣಾ. ಫೋಟೋ ನೋಡಿ ಬ್ಯಾರೇನೋ ತರಿಸಿದ್ರು. ಬರ್ದು ಏನಾಗ್ಬೇಕು?’

ಪುಸ್ತಕ ತಿರುವಿದೆ. ಆರೂ ಸಲ ಇತ್ತು, ತಾರೀಖಿನ ಸಮೇತ. ಬರೆದದ್ದನ್ನು ಓದದೆ ಇದ್ದವರು ನಾವು.

ಇಳಕಲ್ ರ‍್ಯಾಕಿನ ಮುಂದಿನ ಖರೀದಿಯನ್ನು ಅವರಿಗೇ ಬಿಟ್ಟೆವು: ನಲವತ್ತು ಸೀರೆ, ಇಂತಿಷ್ಟೇ ಹಣ, ಬಣ್ಣ ಮತ್ತು ಅಂಚು ಅವರಿಷ್ಟ. ಎರಡು ತಿಂಗಳಲ್ಲಿ ಹೋಗದೆ ಉಳಿದದ್ದನ್ನು ಬದಲಾಯಿಸಿ ಕೊಡುವ ಮಾತನ್ನು ನೇಕಾರರ ಹತ್ತಿರ ಮೊದಲೇ ಆಡಿಕೊಂಡೆವು. ತಪ್ಪಿದರೆ ತನ್ನ ತಲೆಗೆ ಬರುತ್ತದೆ ಎಂಬ ಭಯವಿದ್ದರೆ ಯಾರೂ ಸ್ವಂತ ಬುದ್ಧಿ ಓಡಿಸುವುದಿಲ್ಲ. ಇದಕ್ಕೆ ಬದಲಾಗಿ ಸಂಜೆ ಸೀರೆ ಮಡಚುವ ಪಾಳಿಯಿಂದ ಅವರನ್ನು ಬಿಡಿಸಿದೆವು. ಹಳೇ ಕೆಲಸ ಇಳಿಸದೆ ಹೊಸ ಜವಾಬ್ದಾರಿ ಹೇರಿದರೆ ಅದು ಶಿಕ್ಷೆ ಅನ್ನಿಸುತ್ತದೆ. ಜೊತೆಗೆ ಪ್ರತಿ ಸೋಮವಾರ ಅಂಗಡಿ ತೆಗೆದ ಕೂಡಲೇ ಹತ್ತು ನಿಮಿಷ ಪುಸ್ತಕ ಓದುತ್ತೇವೆ. ಪ್ರತಿ ಸಾಲಿನ ಮುಂದೆ ‘ತರಿಸಿದೆ’ ಅಥವಾ ‘ಆಗಲ್ಲ’, ಆಗದಿದ್ದರೆ ಯಾಕೆ ಅಂತಲೂ ಬರೆಯುತ್ತೇವೆ. ‘ಆಗಲ್ಲ’ ಅಂದರೆ ಬೇಸರ ಮಾಡಿಕೊಳ್ಳುವುದಿಲ್ಲ, ಏನೂ ಹೇಳದಿದ್ದರೆ ಬರೆಯುವುದು ನಿಲ್ಲಿಸುತ್ತಾರೆ.

ಮೊದಲ ತಿಂಗಳು ಪುಸ್ತಕ ಮಾತ್ರ ತುಂಬಿತು, ಫಾಲ್ ಲೆಕ್ಕ ಅಲ್ಲಾಡಲಿಲ್ಲ. ಆ ರ‍್ಯಾಕಿನ ಸೀರೆ ಹೋಗತೊಡಗಿದ ಮೇಲೆ, ಮೂರನೇ ತಿಂಗಳಿಗೆ, ಹತ್ತರಲ್ಲಿ ಐದಕ್ಕೆ ಬಂತು.

ಇದಕ್ಕೂ ಮುಂಚೆ ನಾನು ಮಾಡಿದ್ದ ಎಡವಟ್ಟು: ಒಂದು ಫಾಲ್ ಮಾರಿದರೆ ಐದು ರೂಪಾಯಿ ಅಂತ ಆಸೆ ತೋರಿಸಿದ್ದು. ಲೆಕ್ಕ ಒಂದೇ ವಾರದಲ್ಲಿ ಏರಿತು. ಆದರೆ ಒಬ್ಬರ ಗಿರಾಕಿಗೆ ಇನ್ನೊಬ್ಬರು ತಮ್ಮ ನಂಬರ್ ಹಾಕಿಸತೊಡಗಿದರು, ಬಣ್ಣ ಹೊಂದದ ಫಾಲ್‌ಗಳು ವಾಪಸು ಬಂದವು. ಮೇಲಾಗಿ ಬಿಲ್ಲಿನ ಗುರುತೇ ಕೆಟ್ಟುಹೋಯಿತು. ಯಾರು ಮನಸ್ಸಿಟ್ಟು ಕೇಳಿದ್ದು, ಯಾರು ದುಡ್ಡಿಗೆ ತುರುಕಿದ್ದು ಗೊತ್ತಾಗದ ಹಾಗಾಯಿತು.

ಈ ಉಪಾಯ ಎಲ್ಲರಿಗೂ ಹತ್ತುವುದಿಲ್ಲ. ಸ್ವಂತ ಅಂಗಡಿ ಇಡಲು ತೀರ್ಮಾನಿಸಿದವರಿಗೆ ರ‍್ಯಾಕ್ ಕೊಟ್ಟರೂ ಮನಸ್ಸು ಇತ್ತ ಬರುವುದಿಲ್ಲ. ಇನ್ನು ಮೊದಲಿನಿಂದಲೂ ಒಪ್ಪಿದಷ್ಟು ಕೆಲಸ ನೆಟ್ಟಗೆ ಮಾಡಿ ಮನೆಗೆ ಹೋಗುವವರು ಇರುತ್ತಾರೆ. ಅವರ ಲೆಕ್ಕ ವರ್ಷದಿಂದ ವರ್ಷಕ್ಕೆ ಇಳಿದೇ ಇರುವುದಿಲ್ಲ. ಅವರ ತಂಟೆಗೆ ನಾನು ಹೋಗುವುದಿಲ್ಲ.

ಮದುವೆ ಸೀಸನ್ನಿನ ಗಡಿಬಿಡಿಯಲ್ಲಿ ಎರಡು ಸೋಮವಾರ ತಪ್ಪಿಸಿದ್ದೆವು. ಮೂರನೆಯ ವಾರ ಪುಸ್ತಕ ತೆಗೆದರೆ ಒಂದೇ ಒಂದು ಸಾಲು ಇತ್ತು.