ಒಂದು ಹೆಬ್ಬೆರಳಷ್ಟು ಜಾಗದ ನೋವು

ನಮ್ಮ ಕೊಡಗಿನಲ್ಲಿ ಮಳೆ ಹಿಡಿಯಿತೆಂದರೆ ಶಾಲೆಯ ಮೈದಾನ ಗದ್ದೆಯಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಜಗಲಿಯಲ್ಲಿ ಬಸ್ಕಿ, ಸ್ಕಿಪ್ಪಿಂಗ್, ಮಳೆ ಬಿಟ್ಟ ದಿನ ಒಂದಿಷ್ಟು ಓಟ, ಅಷ್ಟೇ. ಹೊಳವಾದ ಕೂಡಲೇ ಕ್ರೀಡಾಕೂಟಗಳು ಸಾಲುಗಟ್ಟುತ್ತವೆ. ಕಳೆದುಹೋದ ಮೂರು ತಿಂಗಳನ್ನು ಮೂರು ವಾರದಲ್ಲಿ ತುಂಬಿಸಿಕೊಳ್ಳುವ ಆತುರ ನನ್ನದೇ ಆಗಿತ್ತು, ಮಕ್ಕಳದ್ದಲ್ಲ.

ಆ ವರ್ಷ 3000 ಮೀಟರ್ ಓಡುವ ಹದಿನಾರರ ಹುಡುಗಿಯೊಬ್ಬಳಿದ್ದಳು. ಮಳೆಗಾಲದಲ್ಲಿ ವಾರಕ್ಕೆ ಹದಿನೈದು ಕಿಲೋಮೀಟರ್ ಓಡುತ್ತಿದ್ದವಳನ್ನು ಸೆಪ್ಟೆಂಬರ್‌ನಲ್ಲಿ ನಲವತ್ತಕ್ಕೆ ಏರಿಸಿದೆ. ಮೈದಾನ ಇನ್ನೂ ಒಣಗಿರಲಿಲ್ಲ, ಹಾಗಾಗಿ ಓಟವೆಲ್ಲ ಡಾಂಬರು ರಸ್ತೆಯಲ್ಲಿ, ಅದೂ ಏರಿಳಿತದ್ದು. ನಾಲ್ಕನೇ ವಾರ ಅವಳು ಕಣಕಾಲು ತಿಕ್ಕಿಕೊಳ್ಳುತ್ತಾ ಬಂದಳು. "ವಾರ್ಮಪ್ ಆದ್ಮೇಲೆ ಹೋಗುತ್ತೆ ಮಿಸ್" ಎಂದಳು. ಶಿನ್ ಪೇನ್ ಎಂದುಕೊಂಡು ಸ್ಪ್ರೇ ಹೊಡೆದು ಕಳಿಸಿದೆ. ಮುಂದಿನ ವಾರ ನೋವು ಓಟದ ಕೊನೆಯವರೆಗೂ ಉಳಿಯಿತು. ಅದರ ಮುಂದಿನ ವಾರ, ರಾತ್ರಿ ಮಲಗಿದಾಗಲೂ ಕಾಲು ಸೆಳೆಯುತ್ತದೆ ಎಂದು ಅವಳ ಅಮ್ಮ ಹೇಳಿದರು.

ಆಗ ಮಾತ್ರ ನಾನು ಮೊದಲ ದಿನವೇ ಮಾಡಬೇಕಿದ್ದ ಕೆಲಸ ಮಾಡಿದೆ. ಬೆಂಚಿನ ಮೇಲೆ ಕೂರಿಸಿ, ಕಣಕಾಲ ಮೂಳೆಯ ಒಳ ಅಂಚಿನಲ್ಲಿ ಪಾದದ ಗಂಟಿನಿಂದ ಮೇಲಕ್ಕೆ ಹೆಬ್ಬೆರಳಿನಿಂದ ಒತ್ತುತ್ತಾ ಹೋದೆ. ಮಾಮೂಲಿ ಶಿನ್ ಪೇನ್ ಆದರೆ ಆ ಅಂಚಿನುದ್ದಕ್ಕೂ ಗೇಣಿನಷ್ಟು ನೋಯುತ್ತದೆ, ಇಂಥದ್ದೇ ಜಾಗ ಎಂದು ಬೊಟ್ಟು ಮಾಡಿ ತೋರಿಸಲಾಗುವುದಿಲ್ಲ. ಇವಳಿಗೆ ಮೇಲೂ ಇಲ್ಲ, ಕೆಳಗೂ ಇಲ್ಲ. ನಡುವೆ ಒಂದೇ ಕಡೆ, ನನ್ನ ಹೆಬ್ಬೆರಳು ಮುಚ್ಚುವಷ್ಟೇ ಜಾಗ. ಒತ್ತಿದೊಡನೆ ಕಾಲು ಎಳೆದುಕೊಂಡಳು.

ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ. ಮನೆಯವರು ನಿಟ್ಟುಸಿರು ಬಿಟ್ಟರು. ಆದರೆ ನನ್ನ ಅನುಮಾನವಿದ್ದದ್ದು ಮೂಳೆಯ ಸಣ್ಣ ಬಿರುಕಿನ ಮೇಲೆ, ಇಂಥ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್-ರೇಗೆ ಸಿಗದೇ ಇರುವುದೇ ಹೆಚ್ಚು. ಮೂಳೆ ಡಾಕ್ಟರು ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿ ಎಂದರು. ಅದರಲ್ಲಿ ಆ ಬಿರುಕು, ಡಾಕ್ಟರ ಮಾತಿನಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್, ಸ್ಪಷ್ಟವಾಗಿತ್ತು.

ಬಿದ್ದಿಲ್ಲ, ಪೆಟ್ಟು ತಿಂದಿಲ್ಲ, ಮೂಳೆ ಹೇಗೆ ಬಿರುಕುಬಿಟ್ಟಿತು? ಅವಳಪ್ಪ ಕೇಳಿದ ಪ್ರಶ್ನೆ ಇದು. ಓಟದ ಭಾರ ಬಿದ್ದಾಗ ಮೂಳೆ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಮೊದಲು ಸವೆದ ಭಾಗವನ್ನು ಕೆರೆದು ತೆಗೆಯುತ್ತದೆ, ಆಮೇಲೆ ಹೊಸದನ್ನು ಕಟ್ಟುತ್ತದೆ. ಕೆರೆಯುವುದು ಬೇಗ, ಕಟ್ಟುವುದು ನಿಧಾನ. ಹಾಗಾಗಿ ಓಟ ಹೆಚ್ಚಿಸಿದ ಮೂರು ನಾಲ್ಕು ವಾರಕ್ಕೆ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಉಸಿರು, ಸ್ನಾಯು ಅಷ್ಟರಲ್ಲಿ ಹದಕ್ಕೆ ಬಂದಿರುತ್ತವೆ, ಟೈಮಿಂಗೂ ಚೆನ್ನಾಗಿರುತ್ತದೆ. ನಾನು ಮೋಸಹೋದದ್ದು ಅಲ್ಲೇ.

ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು: ಮುಟ್ಟು ಸರಿಯಾಗಿ ಆಗುತ್ತಿದೆಯಾ? ಹುಡುಗಿ ನನ್ನ ಮುಖ ನೋಡಿದಳು. ನಾಲ್ಕು ತಿಂಗಳಿಂದ ನಿಂತಿತ್ತು. "ಪ್ರಾಕ್ಟೀಸಿಗೆ ಒಳ್ಳೇದೇ ಆಯ್ತು ಅಂದ್ಕೊಂಡಿದ್ದೆ ಮಿಸ್." ನಾನು ಓಡುತ್ತಿದ್ದ ಕಾಲದಲ್ಲಿ ನಾನೂ ಹಾಗೇ ಅಂದುಕೊಂಡಿದ್ದೆ. ವಿಚಾರಿಸಿದರೆ, ಬೆಳಿಗ್ಗೆ ಬರೀ ಕಾಫಿ ಕುಡಿದು ಓಡಲು ಬರುತ್ತಿದ್ದಳು, ಮೈ ಹಗುರಾಗಲಿ ಎಂದು ರಾತ್ರಿ ಊಟ ಅರ್ಧ ಮಾಡಿದ್ದಳು. ಓಟಕ್ಕೆ ಬೇಕಾದಷ್ಟು ತಿನ್ನದಿದ್ದರೆ ದೇಹ ಮೊದಲು ಮುಟ್ಟಿನಂಥದ್ದನ್ನು ನಿಲ್ಲಿಸುತ್ತದೆ, ಈಸ್ಟ್ರೊಜೆನ್ ಇಳಿಯುತ್ತದೆ, ಮೂಳೆ ಕಟ್ಟುವ ಕೆಲಸವೂ ಕುಂಟುತ್ತದೆ. ಹುಡುಗರಲ್ಲೂ ಇದೇ ಕೊರತೆ ಬರುತ್ತದೆ, ಆದರೆ ಅವರಲ್ಲಿ ಇಷ್ಟು ಸ್ಪಷ್ಟವಾದ ಗುರುತು ಸಿಗುವುದಿಲ್ಲ.

ಆರರಿಂದ ಎಂಟು ವಾರ ಓಟ ಬಂದ್ ಎಂದರು. ನಡೆದರೂ ನೋಯುತ್ತಿದ್ದುದರಿಂದ ಮೊದಲ ಮೂರು ವಾರ ಕಾಲು ಅಲುಗದಂತೆ ಹಿಡಿಯುವ ಆಸ್ಪತ್ರೆಯ ಬೂಟ್. ನಾಲ್ಕನೇ ವಾರ ನೋವು ಪೂರ್ತಿ ಹೋಯಿತು, ನಿಜವಾದ ಪೇಚು ಶುರುವಾದದ್ದೂ ಆಗಲೇ. ಜಿಲ್ಲಾ ಕೂಟ ಹತ್ತಿರ ಬಂದಿತ್ತು. ಯಾರಿಗೂ ಹೇಳದೆ ತೋಟದ ದಾರಿಯಲ್ಲಿ ಎರಡು ದಿನ ಓಡಿದಳು. ಮೂರನೇ ದಿನ ಅದೇ ಜಾಗ, ಅದೇ ನೋವು. ಒಳಗೆ ಹೊಸದಾಗಿ ಕಟ್ಟಿದ ಮೂಳೆ ಆ ಹೊತ್ತಿಗಿನ್ನೂ ಮೆತ್ತಗೇ ಇರುತ್ತದೆ; ನಡೆಯಲು ಸಾಕು, ಓಡಲು ಸಾಲದು. ವಾರದ ಲೆಕ್ಕವನ್ನು ಮತ್ತೆ ಒಂದರಿಂದ ಶುರುಮಾಡಿದೆವು. ಕೂಟ ತಪ್ಪಿತು.

ಎರಡನೇ ಸಲ ಡಾಕ್ಟರು ಒಪ್ಪಿದ ಮೇಲೂ ನಾನು ಎರಡು ವಿಷಯ ನೋಡಿದೆ: ಹೆಬ್ಬೆರಳಿನಿಂದ ಒತ್ತಿದರೆ ನೋಯಬಾರದು, ಅರ್ಧ ಗಂಟೆ ಬಿರುಸಾಗಿ ನಡೆದರೆ ಅವತ್ತೂ ಮರುದಿನವೂ ನೋಯಬಾರದು. ಆಮೇಲೆ ದಿನ ಬಿಟ್ಟು ದಿನ ಹುಲ್ಲಿನ ಮೇಲೆ ಒಂದು ನಿಮಿಷ ಓಟ, ಒಂದು ನಿಮಿಷ ನಡಿಗೆ, ಹತ್ತು ಸಲ. ಮೂರನೇ ತಿಂಗಳು ಮುಟ್ಟು ಮರಳಿತು. ಈಗ ಓಡಲು ಬರುವ ಮುಂಚೆ ಎರಡು ಅಕ್ಕಿ ರೊಟ್ಟಿ ತಿನ್ನುತ್ತಾಳೆ.

ಅಂದಿನಿಂದ ಸೆಪ್ಟೆಂಬರ್‌ನಲ್ಲಿ ಪ್ರತಿ ಸೋಮವಾರ ಎಲ್ಲರ ಕಣಕಾಲನ್ನೂ ಒತ್ತಿ ನೋಡುತ್ತೇನೆ. ಯಾರಾದರೂ ತೊಡೆಸಂದಿಯಲ್ಲಿ ನೋವೆಂದರೆ ಒತ್ತಿ ನೋಡುವುದಕ್ಕೂ ಹೋಗುವುದಿಲ್ಲ, ಅವತ್ತೇ ಆಸ್ಪತ್ರೆಗೆ ಕಳಿಸುತ್ತೇನೆ. ಸೊಂಟದ ಕೀಲಿನ ಬಳಿ ತೊಡೆ ಮೂಳೆಯ ಕುತ್ತಿಗೆಯಲ್ಲಿ ಬಿರುಕಿದ್ದು ಅದು ಪೂರ್ತಿ ಮುರಿದರೆ ಆಪರೇಷನ್ನೇ ಗತಿ.