ದೀಪಾವಳಿ ವಾರದ ಸ್ಪ್ರಿಂಟ್‌ಗೆ ನಾನು ಲೆಕ್ಕ ಹಾಕಿದ್ದು ಹೀಗೆ

ಎರಡು ವಾರದ ಸ್ಪ್ರಿಂಟ್‌ನಲ್ಲಿ ಎರಡು ದಿನ ಹಬ್ಬದ ರಜೆ ಬಂದರೆ ಎಷ್ಟು ಕೆಲಸ ಕಡಿಮೆ ತಗೋಬೇಕು? ಹತ್ತರಲ್ಲಿ ಎರಡು ದಿನ ಹೋಯ್ತು, ಹಾಗಾಗಿ ಶೇಕಡಾ 20 ಅಂತ ತಕ್ಷಣ ಹೇಳಿಬಿಡುತ್ತೇವೆ. ನಿಜವಾಗಿ ಕಡಿಮೆಯಾಗುವುದು ಅದಕ್ಕಿಂತ ತುಂಬಾ ಜಾಸ್ತಿ. 2025ರ ದೀಪಾವಳಿ ಸ್ಪ್ರಿಂಟ್‌ಗೆ ನಮ್ಮ ತಂಡದಲ್ಲಿ ನಾನು ಮಾಡಿದ ಲೆಕ್ಕವನ್ನು ಇಲ್ಲಿ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ.

ನಾವು ಆರು ಜನ. ನಾಲ್ವರು ಬೆಂಗಳೂರಿನಲ್ಲಿ, ಇಬ್ಬರು ಪುಣೆಯಲ್ಲಿ. ಸ್ಪ್ರಿಂಟ್ ಇದ್ದದ್ದು ಅಕ್ಟೋಬರ್ 15, ಬುಧವಾರದಿಂದ 28, ಮಂಗಳವಾರದವರೆಗೆ. ಕರ್ನಾಟಕದಲ್ಲಿ 20ಕ್ಕೆ ನರಕ ಚತುರ್ದಶಿ, 22ಕ್ಕೆ ಬಲಿಪಾಡ್ಯಮಿ ರಜೆ. ಮಹಾರಾಷ್ಟ್ರದಲ್ಲಿ 21ಕ್ಕೆ ಲಕ್ಷ್ಮೀಪೂಜೆ, 22ಕ್ಕೆ ಪಾಡ್ಯ. ಎರಡೂ ಕಡೆ ಎರಡೆರಡು ದಿನವೇ, ಆದರೆ ದಿನಗಳು ಬೇರೆ. ಅದಕ್ಕೇ ಶೀಟ್‌ನಲ್ಲಿ ಎರಡು ಊರಿಗೂ ಬೇರೆ ಬೇರೆ ರಜಾಪಟ್ಟಿ ಇಟ್ಟುಕೊಂಡಿದ್ದೇನೆ. ಪ್ರತಿಯೊಬ್ಬರ ಸಾಲಿನಲ್ಲೂ ಅವರ ಊರಿನ ಪಟ್ಟಿ ಹಾಕುತ್ತೇನೆ:

```
=NETWORKDAYS($B$1,$B$2,Holidays_BLR)-C5-D5
```

`B1`, `B2`ರಲ್ಲಿ ಸ್ಪ್ರಿಂಟ್ ಶುರುವಾಗುವ, ಮುಗಿಯುವ ದಿನಾಂಕ. `C5`ರಲ್ಲಿ ಅವರ ಸ್ವಂತ ರಜೆ, `D5`ರಲ್ಲಿ ಸಪೋರ್ಟ್ ಡ್ಯೂಟಿಯ ದಿನಗಳು. ಉತ್ತರ ಬರುವುದು `E5`ರಲ್ಲಿ. ಅರ್ಧ ದಿನ ರಜೆ ಇದ್ದರೆ 0.5. ಶನಿವಾರ, ಭಾನುವಾರವನ್ನು ಈ ಫಾರ್ಮುಲಾ ತಾನೇ ಬಿಡುತ್ತದೆ. ಆ ವರ್ಷ ರಾಜ್ಯೋತ್ಸವ ಶನಿವಾರ ಬಂದಿತ್ತು. ಮುಂದಿನ ಸ್ಪ್ರಿಂಟ್‌ಗೆ ಕೈಲೆಕ್ಕ ಹಾಕುವವರು ಅದನ್ನೂ ಒಂದು ದಿನ ಅಂತ ಕಳೆದುಬಿಡುವ ಸಾಧ್ಯತೆ ಇತ್ತು. ಶೀಟ್‌ನಲ್ಲಿ ಆ ತೊಂದರೆ ಇಲ್ಲ.

ಸ್ವಂತ ರಜೆ ತಿಳಿದುಕೊಳ್ಳುವುದು ನಿಜಕ್ಕೂ ಕಷ್ಟದ ಭಾಗ. ಲೀವ್ ಪೋರ್ಟಲ್‌ನಲ್ಲಿ ಕಾಣುವುದು ಅರ್ಜಿ ಹಾಕಿದ್ದು ಮಾತ್ರ. ಹಬ್ಬದ ಸಮಯದಲ್ಲಿ ಎಷ್ಟೋ ಜನ ಹೊರಡುವ ಹಿಂದಿನ ದಿನ ಅರ್ಜಿ ಹಾಕುತ್ತಾರೆ. ಹಾಗಾಗಿ ಪ್ಲಾನಿಂಗ್‌ಗೆ ಮುಂಚಿನ ವಾರವೇ ನಾನು ಒಬ್ಬೊಬ್ಬರನ್ನೂ ಕೇಳುತ್ತೇನೆ. ಅದೂ "ರಜೆ ಹಾಕ್ತೀರಾ?" ಅಂತಲ್ಲ, "ಊರಿಗೆ ಟಿಕೆಟ್ ಆಯ್ತಾ?" ಅಂತ. ರೈಲು ಟಿಕೆಟ್ 60 ದಿನ ಮೊದಲೇ ಬುಕ್ ಮಾಡಬಹುದು, ಹಬ್ಬದ ದಿನಗಳದ್ದು ಬೇಗ ಖಾಲಿಯೂ ಆಗುತ್ತದೆ. ಆದ್ದರಿಂದ ಹೊರಡುವ ದಿನ, ಬರುವ ದಿನ ಅವರಿಗೆ ಆಗಲೇ ಗೊತ್ತಿರುತ್ತದೆ. "ಶಿವಮೊಗ್ಗಕ್ಕೆ ಹತ್ತೊಂಬತ್ತಕ್ಕೆ ಹೊರಟು ಇಪ್ಪತ್ತಾರಕ್ಕೆ ವಾಪಸ್" ಅಂತ ಒಬ್ಬರು ಹೇಳಿದರು. ಅಂದರೆ 21, 23, 24 ಮೂರು ದಿನ ರಜೆ. ಪೋರ್ಟಲ್‌ನಲ್ಲಿ ಆಗ ಒಂದೂ ಇರಲಿಲ್ಲ. ಇನ್ನೊಬ್ಬರು ಎರಡು ರಜೆಗಳ ನಡುವಿನ 21ಕ್ಕೆ, ಪುಣೆಯ ಒಬ್ಬರು 20ಕ್ಕೆ.

ಈಗ ದಿನಗಳ ಲೆಕ್ಕ. ಆರು ಜನಕ್ಕೆ ಹತ್ತು ದಿನದಂತೆ 60. ಹಬ್ಬಕ್ಕೆ 12 ಹೋದರೆ 48. ಸ್ವಂತ ರಜೆ 5 ಹೋದರೆ 43.

ಆಮೇಲೆ ಸಪೋರ್ಟ್. ನಮ್ಮಲ್ಲಿ ಪ್ರತಿ ಕೆಲಸದ ದಿನ ಒಬ್ಬರು ಗ್ರಾಹಕರ ಟಿಕೆಟ್ ನೋಡುತ್ತಾರೆ. ಅವರ ಆ ದಿನವನ್ನು ನಾನು ಸೊನ್ನೆ ಅಂತ ಹಿಡಿಯುತ್ತೇನೆ, ಅರ್ಧ ಅಲ್ಲ. ಟಿಕೆಟ್‌ಗೆ ಹೋದ ಸಮಯ ಕೂಡಿದರೆ ಮೂರು ನಾಲ್ಕು ಗಂಟೆಯೇ ಇರಬಹುದು. ಆದರೆ ಅದು ದಿನವಿಡೀ ಚೂರುಚೂರಾಗಿ ಬರುತ್ತದೆ. ನಡುವೆ ಉಳಿದ ಹೊತ್ತಿನಲ್ಲಿ ಗಟ್ಟಿಯಾಗಿ ಕೂತು ಮಾಡುವ ಸ್ಟೋರಿ ಮುಂದೆ ಹೋಗುವುದಿಲ್ಲ. ಟಿಕೆಟ್ ಕಡಿಮೆ ಇದ್ದರೆ ಅವರು ಸಣ್ಣ ಬಗ್‌ಗಳನ್ನು ಸರಿ ಮಾಡುತ್ತಾರೆ, ಯಾರಿಗೂ ಮಾತು ಕೊಡದ ಕೆಲಸ.

ನಮ್ಮ ಗ್ರಾಹಕರು ಯೂರೋಪಿನವರು. ಅವರಿಗೆ ದೀಪಾವಳಿ ರಜೆ ಇಲ್ಲ. ಇಲ್ಲಿ ಎರಡು ಊರಿನ ಪಟ್ಟಿ ಬೇರೆಯಾಗಿದ್ದದ್ದು ಅನುಕೂಲವೇ ಆಯ್ತು: 20ಕ್ಕೆ ಪುಣೆಯವರು, 21ಕ್ಕೆ ಬೆಂಗಳೂರಿನವರು ನೋಡಿಕೊಂಡರು. 22 ಮಾತ್ರ ಎರಡೂ ಕಡೆ ರಜೆ. ಅವತ್ತು ಒಬ್ಬರು ಮನೆಯಿಂದ ಆನ್‌ಕಾಲ್ ಇದ್ದರು. ಆ ದಿನ ಬಿಟ್ಟರೆ ಸಪೋರ್ಟ್‌ಗೆ ಹೋದದ್ದು 9 ದಿನ. 43ರಲ್ಲಿ ಉಳಿದದ್ದು 34.

ಮೀಟಿಂಗ್‌ಗಳನ್ನು ದಿನಗಳಲ್ಲಿ ಕಳೆಯಲು ಆಗುವುದಿಲ್ಲ, ಗಂಟೆಗೆ ಇಳಿಯಬೇಕು. ಎಂಟು ಗಂಟೆಯ ದಿನದಲ್ಲಿ ನಾನು ಆರನ್ನೇ ಹಿಡಿಯುತ್ತೇನೆ. ಬೆಳಗಿನ ಸ್ಟ್ಯಾಂಡಪ್, ಮೇಲ್, ಕಾಫಿ, ಬೇರೆಯವರ ಕೋಡ್ ನೋಡುವುದು ಎಲ್ಲ ಉಳಿದ ಎರಡು ಗಂಟೆಯಲ್ಲಿ. ಇದರ ಮೇಲೆ ಪ್ರತಿಯೊಬ್ಬರಿಗೂ ಸ್ಪ್ರಿಂಟ್‌ಗೆ 8 ಗಂಟೆ ನಿಗದಿ ಮೀಟಿಂಗ್ ಇದೆ: ಪ್ಲಾನಿಂಗ್ 2, ರಿಫೈನ್‌ಮೆಂಟ್ 2, ರಿವ್ಯೂ 1, ರೆಟ್ರೊ 1, ಮ್ಯಾನೇಜರ್ ಜೊತೆಗಿನ ಮಾತುಕತೆ ಮತ್ತು ವಿಭಾಗದ ಸಭೆ ಸೇರಿ 2.

ಈ 8 ಗಂಟೆ ರಜೆ ಬಂತು ಅಂತ ಕಡಿಮೆ ಆಗುವುದಿಲ್ಲ. ಹತ್ತು ದಿನ ಇದ್ದವರಿಗೂ ಎಂಟು ಗಂಟೆ, ಶಿವಮೊಗ್ಗಕ್ಕೆ ಹೋಗಿ ಐದೇ ದಿನ ಸಿಕ್ಕವರಿಗೂ ಎಂಟು ಗಂಟೆ. ಒಟ್ಟು ತಂಡಕ್ಕೆ ಇಷ್ಟು ಪರ್ಸೆಂಟ್ ಮೀಟಿಂಗ್ ಅಂತ ಕಳೆದರೆ ಇದು ಕಾಣುವುದೇ ಇಲ್ಲ. ಅದಕ್ಕೇ ಒಬ್ಬೊಬ್ಬರ ಸಾಲಿನಲ್ಲೂ ಬೇರೆಯಾಗಿ ಕಳೆಯುತ್ತೇನೆ:

```
=E5*6-8
```

34 ದಿನಕ್ಕೆ 204 ಗಂಟೆ. ಆರು ಜನರ ಮೀಟಿಂಗ್ 48 ಕಳೆದರೆ 156.

ಮುಂದಿನ ಹೆಜ್ಜೆಯಲ್ಲೇ ಹೆಚ್ಚಿನ ಗೊಂದಲ ಆಗುವುದು. ನಮ್ಮ ಸಾಮಾನ್ಯ ಸ್ಪ್ರಿಂಟ್‌ನ ಸರಾಸರಿ 40 ಪಾಯಿಂಟ್. ಆ 40 ಬಂದದ್ದೇ ಮೀಟಿಂಗ್, ಸಪೋರ್ಟ್ ಎಲ್ಲ ನಡೆಯುತ್ತಿದ್ದಾಗ. ಅದರಿಂದ ಮತ್ತೆ ಮೀಟಿಂಗ್ ಕಳೆದರೆ ಒಂದೇ ಖರ್ಚನ್ನು ಎರಡು ಸಲ ಬರೆದ ಹಾಗೆ. ಆದ್ದರಿಂದ ಪಾಯಿಂಟ್‌ನಿಂದ ಏನನ್ನೂ ಕಳೆಯುವುದಿಲ್ಲ, ಅನುಪಾತ ಮಾತ್ರ ಹಚ್ಚುತ್ತೇನೆ. ಯಾರೂ ರಜೆ ಹಾಕದ ಸ್ಪ್ರಿಂಟ್‌ಗೆ ಇದೇ ಲೆಕ್ಕ ಮಾಡಿದರೆ 60 ದಿನದಲ್ಲಿ ಸಪೋರ್ಟ್ 10 ಹೋಗಿ 50 ದಿನ, 300 ಗಂಟೆ, ಮೀಟಿಂಗ್ ಹೋಗಿ 252. ಈ ಸಲ ಇದ್ದದ್ದು 156, ಅಂದರೆ ಸುಮಾರು ಶೇಕಡಾ 62. 40ರ ಶೇಕಡಾ 62 ಅಂದರೆ 25 ಪಾಯಿಂಟ್.

ಬರೀ ಹಬ್ಬದ ದಿನ ಕಳೆದಿದ್ದರೆ 32 ಬರುತ್ತಿತ್ತು. "ಮೂವತ್ತೆರಡು ಆಗಲ್ವಾ?" ಅಂತ ನಮ್ಮ ಮ್ಯಾನೇಜರ್ ಕೇಳಿದರು. ಶೀಟ್ ತೆರೆದು ಒಂದೊಂದೇ ಸಾಲು ತೋರಿಸಿದೆ. ಯಾವ ಸಾಲು ಬದಲಾಯಿಸಬಹುದು ಅಂತ ಮಾತು ಆಯ್ತು. ವಿಭಾಗದ ಸಭೆಯೊಂದನ್ನು ಮುಂದಕ್ಕೆ ಹಾಕಲು ಅವರೇ ಒಪ್ಪಿದರು. ಆರು ಗಂಟೆ ಸಿಕ್ಕಿತು, ಆದರೆ ಅದಕ್ಕೆ ನಾನು ಪಾಯಿಂಟ್ ಏರಿಸಲಿಲ್ಲ. ಈ ಲೆಕ್ಕ ಅಷ್ಟು ಸೂಕ್ಷ್ಮವಾದುದಲ್ಲ.

ಈ ಲೆಕ್ಕಕ್ಕೆ ಒಂದು ದೊಡ್ಡ ಮಿತಿಯೂ ಇದೆ. ಎಲ್ಲರ ಗಂಟೆಯೂ ಒಂದೇ ಅಂತ ಇದು ಅಂದುಕೊಳ್ಳುತ್ತದೆ. ನಮ್ಮಲ್ಲಿ ಡೇಟಾಬೇಸ್ ಬದಲಾವಣೆಗಳನ್ನು ಗಟ್ಟಿಯಾಗಿ ಪರಿಶೀಲಿಸಬಲ್ಲವರು ಒಬ್ಬರೇ, ಅವರೇ ಶಿವಮೊಗ್ಗಕ್ಕೆ ಹೋದವರು. ಹಾಗಾಗಿ 25 ಅಂತ ಬಂದ ಮೇಲೆ ಪ್ರತಿ ಸ್ಟೋರಿಗೂ ಅವರ ಕೈ ಬೇಕಾ ಅಂತ ನೋಡಿದೆವು. ಬೇಕಾದ ಮೂರರಲ್ಲಿ ಎರಡನ್ನು ಮೊದಲ ಮೂರು ದಿನಕ್ಕೆ ಹಾಕಿಕೊಂಡು ಒಂದನ್ನು ಮುಂದಿನ ಸ್ಪ್ರಿಂಟ್‌ಗೆ ಬಿಟ್ಟೆವು.

ಸ್ಪ್ರಿಂಟ್ ನಡೆಯುವಾಗ ನಾನು ಮುಖ್ಯವಾಗಿ ಗಮನಿಸುವುದು ಸಪೋರ್ಟ್‌ನಲ್ಲಿರುವವರು ಬೇರೆಯವರನ್ನು ಎಷ್ಟು ಸಲ ಕರೆಯುತ್ತಾರೆ ಅಂತ. ಹಾಗೆ ಹೋದ ಸಮಯವನ್ನು ಟಿಕೆಟ್‌ನಲ್ಲೇ ಬರೆದಿಡಲು ಹೇಳಿದ್ದೇನೆ. ಅದು ದಿನಕ್ಕೆ ಎರಡು ಗಂಟೆ ದಾಟಿದರೆ ಸಪೋರ್ಟ್‌ಗೆ ಒಬ್ಬರು ಅನ್ನುವ ಅಂದಾಜೇ ಮುರಿಯಿತು ಅಂತ ಅರ್ಥ. ಹೊಸ ರಿಲೀಸ್ ಆದ ಮೊದಲ ದಿನಗಳಲ್ಲಿ ಹೀಗಾಗುವುದು ಸಹಜ. ಅಂಥ ದಿನಗಳಿಗೆ ಈಗ ಮೊದಲೇ ಇಬ್ಬರನ್ನು ಹಿಡಿಯುತ್ತೇನೆ. ದೀಪಾವಳಿ ಸ್ಪ್ರಿಂಟ್‌ನಲ್ಲಿ ರಿಲೀಸ್ ಇರಲಿಲ್ಲ, ತಗೊಂಡ ಕೆಲಸ ಹೆಚ್ಚುಕಮ್ಮಿ ಪೂರ್ತಿ ಮುಗಿಯಿತು.

ಇನ್ನು ಉಳಿದದ್ದು 22ರ ಆನ್‌ಕಾಲ್. ಅವತ್ತು ಕೆಲಸ ಮಾಡಿದವರಿಗೆ ಒಂದು ದಿನ ಕಾಂಪ್ ಆಫ್ ಬರಬೇಕು. ಅವರು ಅದನ್ನು ತೆಗೆದುಕೊಳ್ಳುವುದು ನವೆಂಬರ್‌ನಲ್ಲಿ. ಆದರೆ ಅದಕ್ಕೆ ಕಾರಣ ಈ ಸ್ಪ್ರಿಂಟ್. ರೋಸ್ಟರ್ ಬರೆದ ದಿನವೇ ಮುಂದಿನ ಸ್ಪ್ರಿಂಟ್‌ನ ಶೀಟ್ ತೆರೆದು, ಅವರ ಸಾಲಿನ ರಜೆ ಕಾಲಂನಲ್ಲಿ 1 ಅಂತ ಹಾಕಿದೆ. ದಿನಾಂಕ ಅವರು ಆಮೇಲೆ ಹೇಳಿದರು.